ಆರು ಸೀಲ್, ಏಳನೆಯದು ಉಚಿತ: ಸಲೂನ್ ಕಾರ್ಡಿನ ಒಕ್ಕಣೆ

ಸಲೂನಿನಲ್ಲಿ ಕೊಡುವ ಸೀಲ್ ಕಾರ್ಡ್ ಸಾಮಾನ್ಯವಾಗಿ ವಿಸಿಟಿಂಗ್ ಕಾರ್ಡಿನಷ್ಟೇ ಇರುತ್ತದೆ: ಸುಮಾರು ಒಂಬತ್ತು ಸೆಂಟಿಮೀಟರ್ ಉದ್ದ, ಐದೂವರೆ ಅಗಲ. ಒಂದು ಬದಿಯಲ್ಲಿ ಅಂಗಡಿಯ ಹೆಸರು, ಇನ್ನೊಂದು ಬದಿಯಲ್ಲಿ ಸೀಲ್ ಹಾಕುವ ಚೌಕಗಳು. ಉಳಿಯುವ ಜಾಗದಲ್ಲಿ ನಾಲ್ಕೈದು ಸಾಲು ಮಾತ್ರ ಹಿಡಿಸುತ್ತದೆ. ಸೀಲ್ ಯಾವುದಕ್ಕೆ ಸಿಗುತ್ತದೆ, ಎಷ್ಟಾದರೆ ಏನು ಸಿಗುತ್ತದೆ, ಎಂದಿನವರೆಗೆ ಸಿಗುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಆ ಸಾಲುಗಳು ಉತ್ತರ ಕೊಡಬೇಕು. ಉತ್ತರ ಅರ್ಧಕ್ಕೆ ನಿಂತ ಕಡೆ ಗಿರಾಕಿಗೂ ಅಂಗಡಿಯವರಿಗೂ ಜಗಳ ಹುಟ್ಟುತ್ತದೆ.

ಜಗಳಕ್ಕೆ ಹೆಚ್ಚಾಗಿ ಕಾರಣವಾಗುವುದು ಎಣಿಕೆ. ‘ಪ್ರತಿ 10ನೇ ಕಟಿಂಗ್ ಉಚಿತ’ ಎಂದು ಬರೆದರೆ ಗಿರಾಕಿ ಒಂಬತ್ತಕ್ಕೆ ಹಣ ಕೊಟ್ಟು ಹತ್ತನೆಯದನ್ನು ಉಚಿತವಾಗಿ ಕೇಳುತ್ತಾನೆ. ‘10 ಸೀಲ್ ಆದರೆ ಒಂದು ಕಟಿಂಗ್ ಉಚಿತ’ ಎಂದರೆ ಹತ್ತಕ್ಕೆ ಹಣ ಕೊಡಬೇಕು, ಉಚಿತವಾಗುವುದು ಹನ್ನೊಂದನೆಯದು. ಒಂದೇ ಕಾರ್ಡಿನ ಮುಂದೆ ಮೊದಲನೆಯದು, ಹಿಂದೆ ಎರಡನೆಯದು ಅಚ್ಚಾಗಿದ್ದರೆ ಯಾರ ಲೆಕ್ಕವೂ ತಪ್ಪಲ್ಲ, ಕಾರ್ಡಿನದೇ ತಪ್ಪು. ‘6 ಕಟಿಂಗ್‌ಗೆ 6 ಸೀಲ್, 7ನೇ ಕಟಿಂಗ್ ಉಚಿತ’ ಎಂದು ಎರಡೂ ಸಂಖ್ಯೆಗಳನ್ನು ಒಂದೇ ಸಾಲಿನಲ್ಲಿ ಕೊಟ್ಟರೆ ಆ ಗೊಂದಲಕ್ಕೆ ಎಡೆಯಿಲ್ಲ. ಆರು ಚೌಕಗಳ ಪಕ್ಕದಲ್ಲಿ ಏಳನೆಯದನ್ನು ಬೇರೆ ಬಣ್ಣದಲ್ಲಿ ಅಚ್ಚು ಹಾಕಿ, ಒಳಗೆ ‘ಉಚಿತ’ ಎಂದು ಬರೆದರೆ ಓದು ಬಾರದವರಿಗೂ ವಿಷಯ ತಿಳಿಯುತ್ತದೆ.

ಸೀಲ್ ಸಿಗುವುದು ಭೇಟಿಗೋ, ಕೆಲಸಕ್ಕೋ, ಬಿಲ್ಲಿನ ಮೊತ್ತಕ್ಕೋ ಎಂಬುದು ಮುಂದಿನ ಮಾತು. ತಂದೆಯೊಬ್ಬ ಇಬ್ಬರು ಮಕ್ಕಳನ್ನು ಕರೆತಂದು ಮೂವರಿಗೂ ಕಟಿಂಗ್ ಮಾಡಿಸಿದ ಎನ್ನಿ. ‘ಪ್ರತಿ ಭೇಟಿಗೆ ಒಂದು ಸೀಲ್’ ಎಂದಿದ್ದರೆ ಅಂಗಡಿಯವರು ಒಂದೇ ಸೀಲ್ ಒತ್ತುತ್ತಾರೆ; ಮೂರು ಸಿಗಬೇಕು ಎಂದು ತಂದೆ ವಾದಿಸುತ್ತಾನೆ. ಬ್ಯೂಟಿ ಪಾರ್ಲರ್‌ನಲ್ಲಿ ತೊಡಕು ಇನ್ನೂ ಹೆಚ್ಚು. ಐದು ನಿಮಿಷದ ಥ್ರೆಡಿಂಗಿಗೂ ಎರಡು ಗಂಟೆ ಹಿಡಿಯುವ ಹೇರ್ ಕಲರಿಂಗಿಗೂ ಒಂದೊಂದೇ ಸೀಲ್ ಎಂದರೆ ದೊಡ್ಡ ಬಿಲ್ ಮಾಡಿದವರಿಗೆ ಅನ್ಯಾಯ ಅನಿಸುತ್ತದೆ. ಅಲ್ಲಿ ‘ಬಿಲ್ಲಿನ ಪ್ರತಿ ₹300ಕ್ಕೆ ಒಂದು ಸೀಲ್’ ಎನ್ನುವುದು ಮೇಲು, ಆದರೆ ‘ಪ್ರತಿ’ ಎಂಬ ಪದವನ್ನು ಬಿಡಬಾರದು. ‘₹300 ಬಿಲ್ಲಿಗೆ ಒಂದು ಸೀಲ್’ ಎಂದಷ್ಟೇ ಇದ್ದರೆ ₹900 ಬಿಲ್ಲಿಗೆ ಒಂದೋ ಮೂರೋ ಎಂಬ ಪ್ರಶ್ನೆ ಕೌಂಟರಿನ ಮೇಲೆ ಉಳಿದುಬಿಡುತ್ತದೆ. ಗಂಡಸರ ಕಟಿಂಗ್ ಶಾಪಿನಲ್ಲಿ ಇಷ್ಟೆಲ್ಲ ಬೇಕಿಲ್ಲ. ಒಂದು ಕಟಿಂಗ್‌ಗೆ ಒಂದು ಸೀಲ್ ಎಂದರೆ ಸಾಕು.

ಅವಧಿಯ ಸಾಲನ್ನು ಹೆಚ್ಚಿನವರು ಯೋಚಿಸದೆ ಬರೆಯುತ್ತಾರೆ, ಕಾರ್ಡು ಕೆಡುವುದೂ ಅಲ್ಲೇ. ಕಟಿಂಗ್‌ಗೆ ₹150 ತೆಗೆದುಕೊಳ್ಳುವ, ಆರು ಸೀಲಿನ ಕಾರ್ಡ್ ಕೊಡುವ ಸಲೂನನ್ನು ಉದಾಹರಣೆಗೆ ಇಟ್ಟುಕೊಳ್ಳಬಹುದು. ಗಿರಾಕಿ ₹900 ಕೊಟ್ಟು ₹1,050ರ ಕೆಲಸ ಪಡೆಯುತ್ತಾನೆ, ಅಂದರೆ ಶೇ 14ರಷ್ಟು ಉಳಿತಾಯ. ಅವನು ಐದು ವಾರಕ್ಕೊಮ್ಮೆ ಬರುತ್ತಾನೆ. ಮೊದಲ ಸೀಲ್ ಬಿದ್ದ ದಿನದಿಂದ ಎಣಿಸಿದರೆ ಆರನೆಯ ಸೀಲ್ 25 ವಾರಕ್ಕೆ ಬೀಳುತ್ತದೆ, ಉಚಿತ ಕಟಿಂಗ್ 30ನೇ ವಾರಕ್ಕೆ. ಕಾರ್ಡಿನಲ್ಲಿ ‘ಅವಧಿ 6 ತಿಂಗಳು’ ಎಂದಿದ್ದರೆ ಅದು 26 ವಾರಕ್ಕೇ ಮುಗಿಯಿತು. ಸೀಲೆಲ್ಲ ತುಂಬಿದೆ, ಆದರೆ ಕೂದಲು ಬೆಳೆದು ಅವನು ಮತ್ತೆ ಬರುವ ಹೊತ್ತಿಗೆ ಕಾರ್ಡ್ ಸತ್ತಿದೆ. ಮಾಲೀಕರಿಗೆ ಮೋಸದ ಉದ್ದೇಶ ಇಲ್ಲದಿರಬಹುದು. ಆದರೂ ಒಂದು ದಿನವೂ ತಪ್ಪದೆ ಬಂದ ಗಿರಾಕಿ ಬರಿಗೈಯಲ್ಲಿ ಹೋಗುತ್ತಾನೆ.

ಹತ್ತು ಸೀಲಿನ ಕಾರ್ಡಿಗೆ ಒಂದು ವರ್ಷ ಕೊಟ್ಟರೂ ಲೆಕ್ಕ ಬಿಗಿಯೇ. ಹನ್ನೊಂದನೆಯ ಕಟಿಂಗ್ 50ನೇ ವಾರಕ್ಕೆ ಬರುತ್ತದೆ, ವರ್ಷಕ್ಕಿರುವುದು 52 ವಾರ. ಅಯ್ಯಪ್ಪ ಮಾಲೆ ಹಾಕಿದವರು 41 ದಿನ ಕಟಿಂಗ್, ಶೇವಿಂಗ್ ಮಾಡಿಸುವುದಿಲ್ಲ. ಶ್ರಾವಣದಲ್ಲಿ ಕೂದಲಿಗೆ ಕತ್ತರಿ ತಾಗಿಸದವರೂ ಇದ್ದಾರೆ. ಅಂಥ ಒಂದು ವಿರಾಮ ಬಂದರೆ ಹತ್ತು ಸೀಲಿನ ಕಾರ್ಡ್ ಗುರಿ ಮುಟ್ಟದೇ ಹೋಗಬಹುದು. ಆರು ಸೀಲಿಗೆ ಒಂದು ವರ್ಷ ಎಂದರೆ ಇದಕ್ಕೆಲ್ಲ ಧಾರಾಳವಾಗಿ ಜಾಗವಿದೆ.

‘ಒಂದು ವರ್ಷ’ ಎಂದು ಬರೆದರೂ ಯಾವಾಗಿನಿಂದ ಎಂಬುದು ತಿಳಿಯುವುದಿಲ್ಲ. ಅಚ್ಚಾದ ದಿನದಿಂದಲೋ, ಮೊದಲ ಸೀಲಿನಿಂದಲೋ, ಕೊನೆಯ ಸೀಲಿನಿಂದಲೋ? ಇದನ್ನು ವಾಕ್ಯದಲ್ಲಿ ವಿವರಿಸಹೋದರೆ ಸಾಲು ಉದ್ದವಾಗುತ್ತದೆ. ಮೊದಲ ಸೀಲ್ ಹಾಕುವಾಗಲೇ ಕೊನೆಯ ದಿನವನ್ನು ಪೆನ್ನಿನಲ್ಲಿ ಬರೆದುಕೊಟ್ಟರೆ ವಿವರಣೆಯೇ ಬೇಡ. 03/04 ಎಂದರೆ ಏಪ್ರಿಲ್ ಮೂರೋ ಮಾರ್ಚ್ ನಾಲ್ಕೋ ಎಂದು ತಡವರಿಸುವವರಿರುತ್ತಾರೆ, ಹಾಗಾಗಿ ತಿಂಗಳನ್ನು ಹೆಸರಿನಲ್ಲೇ ಬರೆಯುವುದು ಒಳ್ಳೆಯದು. ರಾಜ್ಯದ ಎಷ್ಟೋ ಕಟಿಂಗ್ ಶಾಪ್‌ಗಳು ಮಂಗಳವಾರ ಮುಚ್ಚಿರುತ್ತವೆ. ಕೊನೆಯ ದಿನ ಮಂಗಳವಾರ ಬೀಳದಂತೆ ತಿಂಗಳ ಕೊನೆಯವರೆಗೆ ಬಿಟ್ಟುಕೊಟ್ಟರೆ ಕೊನೆಗಳಿಗೆಯ ವಾದ ತಪ್ಪುತ್ತದೆ.

ಇಷ್ಟನ್ನೂ ಸೇರಿಸಿದರೆ ಒಕ್ಕಣೆ ಹೀಗಾಗುತ್ತದೆ:

6 ಕಟಿಂಗ್‌ಗೆ 6 ಸೀಲ್, 7ನೇ ಕಟಿಂಗ್ ಉಚಿತ.
ಒಂದು ಕಟಿಂಗ್‌ಗೆ ಒಂದು ಸೀಲ್. ಮನೆಯವರೆಲ್ಲ ಒಂದೇ ಕಾರ್ಡ್ ಬಳಸಬಹುದು.
ಶೇವಿಂಗ್, ಡೈ, ಫೇಶಿಯಲ್‌ಗೆ ಸೀಲ್ ಇಲ್ಲ.
ಉಚಿತ ಕಟಿಂಗ್ ಭಾನುವಾರ ಇರುವುದಿಲ್ಲ.
ಈ ಕಾರ್ಡಿನ ಕೊನೆಯ ದಿನ: ______. ಉಚಿತ ಕಟಿಂಗನ್ನೂ ಅಷ್ಟರೊಳಗೆ ಮಾಡಿಸಿಕೊಳ್ಳಿ.

ಇಲ್ಲಿ ‘ಷರತ್ತುಗಳು ಅನ್ವಯಿಸುತ್ತವೆ’ ಎಂಬ ಸಾಲಿಲ್ಲ. ಷರತ್ತುಗಳೆಲ್ಲ ಮೇಲೆಯೇ ಇವೆ. ಭಾನುವಾರದ ನಿರ್ಬಂಧವನ್ನು ಇರುವೆ ಅಕ್ಷರದಲ್ಲಿ ಅಡಿಗೆ ತಳ್ಳುವ ಚಾಳಿ ಬಹಳ ಕಡೆ ಇದೆ. ಗಿರಾಕಿಗೆ ಬಿಡುವಿರುವುದೇ ಆ ದಿನ, ಆದ್ದರಿಂದ ಅದು ಉಳಿದ ಸಾಲುಗಳಷ್ಟೇ ದೊಡ್ಡದಾಗಿರಬೇಕು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ದಾರಿತಪ್ಪಿಸುವ ಜಾಹೀರಾತು ತಡೆ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಜಾಹೀರಾತಿನ ಷರತ್ತು ಅದರ ಭರವಸೆ ಇರುವ ಭಾಷೆಯಲ್ಲೇ, ಅದೇ ಅಕ್ಷರದಲ್ಲಿ ಇರಬೇಕು. ‘ಉಚಿತ’ವನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ನಿಬಂಧನೆಯನ್ನು ಸಣ್ಣ ಇಂಗ್ಲಿಷಿನಲ್ಲಿ ಕೊಡುವ ಕ್ರಮ ಈ ಆಶಯಕ್ಕೆ ನೇರ ವಿರುದ್ಧ.

ಎಂಟು ಚೌಕದ ಕಾರ್ಡನ್ನು ಖಾಲಿ ಕೊಡುವ ಬದಲು ಹತ್ತು ಚೌಕ ಮಾಡಿ ಎರಡಕ್ಕೆ ಮೊದಲೇ ಸೀಲ್ ಒತ್ತಿ ಕೊಡುವ ಉಪಾಯವೂ ಒಂದಿದೆ. ಜೋಸೆಫ್ ನ್ಯೂನ್ಸ್ ಮತ್ತು ಕ್ಸೇವಿಯರ್ ಡ್ರೇಜ್ ಎಂಬ ಸಂಶೋಧಕರು ಅಮೆರಿಕದ ಕಾರು ತೊಳೆಯುವ ಅಂಗಡಿಯೊಂದರಲ್ಲಿ 300 ಕಾರ್ಡ್ ಹಂಚಿ ಇದನ್ನು ಪರೀಕ್ಷಿಸಿದರು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಎರಡು ಗುಂಪಿಗೂ ಬೇಕಿದ್ದದ್ದು ಎಂಟೇ ಸೀಲ್. ಖಾಲಿ ಕಾರ್ಡ್ ಪಡೆದವರಲ್ಲಿ ಶೇ 19 ಮಂದಿ, ಎರಡು ಸೀಲ್ ಬಿದ್ದ ಕಾರ್ಡ್ ಪಡೆದವರಲ್ಲಿ ಶೇ 34 ಮಂದಿ ಪೂರ್ತಿ ಮಾಡಿದರು. ಸಲೂನ್ ಇದನ್ನು ಬಳಸುವುದಾದರೆ ‘ಮೊದಲ ಎರಡು ಸೀಲ್ ನಮ್ಮ ಕಡೆಯಿಂದ’ ಎಂದು ಬರೆಯಬೇಕು. ಇಲ್ಲವಾದರೆ ಕೌಂಟರಿನ ಹೊಸ ಹುಡುಗ ಅದನ್ನು ಬೇರೆಯವರ ಹಳೆಯ ಕಾರ್ಡ್ ಎಂದುಕೊಂಡಾನು.

ಅಚ್ಚಿನ ಬಗ್ಗೆ ಒಂದೇ ಮಾತು. ಹೊಳಪಿನ ಲ್ಯಾಮಿನೇಶನ್ ಮೇಲೆ ಮಾಮೂಲಿ ಸೀಲಿನ ಶಾಯಿ ಬೇಗ ಒಣಗುವುದಿಲ್ಲ, ಜೇಬಿನಲ್ಲಿ ಅಳಿಸಿಹೋಗುತ್ತದೆ. ದಿನಾಂಕ ಬರೆಯುವ ಪೆನ್ನೂ ಅದರ ಮೇಲೆ ಹಿಡಿಯುವುದಿಲ್ಲ. ಚೌಕಗಳಿರುವ ಬದಿಗೆ ಲ್ಯಾಮಿನೇಶನ್ ಬೇಡ.

ಯೋಜನೆಯನ್ನೇ ನಿಲ್ಲಿಸಬೇಕಾಗಿ ಬಂದರೆ ಹೊಸ ಕಾರ್ಡ್ ಕೊಡುವುದನ್ನು ಮಾತ್ರ ನಿಲ್ಲಿಸಿ, ಗಿರಾಕಿಗಳ ಕೈಯಲ್ಲಿರುವ ಕಾರ್ಡುಗಳನ್ನು ಅವುಗಳ ಮೇಲೆ ಬರೆದ ದಿನದವರೆಗೆ ನಡೆಸಬೇಕಾಗುತ್ತದೆ. ನಡುವೆ ಕಟಿಂಗ್ ದರ ₹150ರಿಂದ ₹180 ಆದರೂ ಕಾರ್ಡಿನಲ್ಲಿರುವುದು ‘7ನೇ ಕಟಿಂಗ್ ಉಚಿತ’ ಎಂದೇ ಹೊರತು ₹150 ಎಂದಲ್ಲ, ಹಾಗಾಗಿ ಗಿರಾಕಿ ವ್ಯತ್ಯಾಸದ ₹30 ಕೊಡಬೇಕಿಲ್ಲ.