ಡಜನ್ನಿನ ಲಾಭ, ಕಿಲೋದ ಲಾಭ

ಧಾರವಾಡದ ಸುತ್ತಲಿನ ತೋಟಗಳ ಆಪೂಸು ಪೇಟೆಗೆ ಬರತೊಡಗಿತೆಂದರೆ ರಸ್ತೆ ಬದಿಯ ಒಂದೇ ಅಂಗಡಿಯಲ್ಲಿ ಎರಡು ಬಗೆಯ ವ್ಯಾಪಾರ ಶುರುವಾಗುತ್ತದೆ. ದಪ್ಪ ಹಣ್ಣು ಡಜನ್ ಲೆಕ್ಕ, ಸಣ್ಣದು ಕಿಲೋ ಲೆಕ್ಕ. ಕೊಳ್ಳುವವರಿಗೆ ಇದರಲ್ಲಿ ತೊಡಕೇನೂ ಇಲ್ಲ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ‘ಇವತ್ತು ಎಷ್ಟು ಉಳಿಯಿತು?’ ಎಂದು ಲೆಕ್ಕ ಹಾಕಬೇಕಾದವರಿಗೆ ಮಾತ್ರ ಅದು ಅಷ್ಟು ಸಲೀಸಲ್ಲ.

ಈ ಕತೆಯ ಆಯಿಗೆ ಅಂಥದೊಂದು ಅಂಗಡಿ ಇದೆ. ಬೇಸಿಗೆ ರಜೆಯಲ್ಲಿ ಜೊತೆಗೆ ಕೂತ ಮೊಮ್ಮಗಳು ಆರನೇ ಇಯತ್ತೆಗೆ ಹೋಗುವವಳು. ದರಗಳನ್ನು ಬಾಯಿಲೆಕ್ಕಕ್ಕೆ ಒಗ್ಗುವಂತೆ ನಾನು ದುಂಡಗೆ ಇಟ್ಟಿದ್ದೇನೆ. ಅವು ವಾರಕ್ಕೊಮ್ಮೆ ಬದಲಾಗುತ್ತವೆ, ಲೆಕ್ಕ ಹಾಕುವ ದಾರಿ ಬದಲಾಗುವುದಿಲ್ಲ.

ಆಯಿ ವಾರದ ಹಿಂದೆ ಬಲಿತ ಕಾಯಿಯ ಎರಡು ಕ್ರೇಟ್ ಕೊಂಡಿದ್ದಳು. ಒಂದೊಂದರಲ್ಲಿ 20 ಕಿಲೋ. ದಪ್ಪ ಕಾಯಿಯ ಕ್ರೇಟಿಗೆ 1,800 ರೂಪಾಯಿ, ಸಣ್ಣದಕ್ಕೆ 1,200. ಒಟ್ಟು 3,000. ಮನೆಗೆ ತಂದು ಎರಡನ್ನೂ ಬೇರೆ ಬೇರೆಯಾಗಿ ಭತ್ತದ ಹುಲ್ಲಿನಲ್ಲಿ ಮಾಗಲು ಇಟ್ಟಳು. ಇಡುವಾಗ ದಪ್ಪನೆಯವನ್ನು ಒಂದೊಂದಾಗಿ ಎಣಿಸಿದಳು, ಹಳೆಯ ಕಾಲದವರು ರಾಶಿ ಅಳೆಯುವ ಹಾಗೆ ಒಂದು ಎನ್ನದೆ ‘ಲಾಭ, ಎರಡ, ಮೂರ’ ಎಂದು. ಒಟ್ಟು 75 ಕಾಯಿ. ಸಣ್ಣವನ್ನು ಎಣಿಸಲಿಲ್ಲ, ತೂಕವಷ್ಟೇ ನೆನಪಿಟ್ಟುಕೊಂಡಳು.

ಮಾರುವ ದಿನದ ಬೆಳಿಗ್ಗೆ ಹುಲ್ಲು ಸರಿಸಿ ನೋಡಿದರೆ ದಪ್ಪನೆಯವುಗಳಲ್ಲಿ ಮೂರು ತೊಟ್ಟಿನ ಹತ್ತಿರ ಕಪ್ಪಾಗಿ ಕೊಳೆತಿದ್ದವು. ಉಳಿದದ್ದು 72, ಸರಿಯಾಗಿ ಆರು ಡಜನ್. ಸಣ್ಣವುಗಳಲ್ಲಿ ಕೊಳೆತವನ್ನು ತೆಗೆದು ತೂಗಿದಾಗ ತಕ್ಕಡಿ 16 ಕಿಲೋ ತೋರಿಸಿತು. ಕೊಳೆತವು ತೂಗಿದ್ದು ಎರಡೇ ಕಿಲೋ.

“ಇಪ್ಪತ್ತರಾಗ ಎರಡು ಹೋದ್ರ ಹದಿನೆಂಟು ಇರಬೇಕಲ್ಲ ಆಯಿ? ಇನ್ನೆರಡು ಕಿಲೋ ಯಾರು ತಿಂದ್ರು?”

“ಯಾರೂ ತಿಂದಿಲ್ಲ ಯವ್ವಾ. ಹಣ್ಣಾಗಬೇಕಾದ್ರ ನೀರು ಆರತೈತಿ.”

ಆಯಿ ಹೇಳಿದ್ದು ನಿಜ. ಕಿತ್ತ ಮೇಲೂ ಮಾವಿನಕಾಯಿ ಉಸಿರಾಡುತ್ತಲೇ ಇರುತ್ತದೆ, ಸಿಪ್ಪೆಯ ಮೂಲಕ ನೀರು ಆವಿಯಾಗುತ್ತಲೇ ಇರುತ್ತದೆ. ವಾರದಲ್ಲಿ ಹತ್ತರಲ್ಲೊಂದು ಪಾಲು ತೂಕ ಇಳಿದರೆ ಅಚ್ಚರಿಯಿಲ್ಲ. ತೊಟ್ಟಿನ ಸುತ್ತ ಸಿಪ್ಪೆ ಸುಕ್ಕಾಗುವುದು ಅದರ ಗುರುತು.

ಎಣಿಕೆಯ ವ್ಯಾಪಾರಕ್ಕೂ ತೂಕದ ವ್ಯಾಪಾರಕ್ಕೂ ಇರುವ ದೊಡ್ಡ ಅಂತರ ಇಲ್ಲೇ ಇದೆ. ದಪ್ಪ ಹಣ್ಣುಗಳೂ ನೀರು ಕಳೆದುಕೊಂಡಿವೆ. ಆದರೆ 72 ಹಣ್ಣು ಎಷ್ಟೇ ಸೊರಗಿದರೂ 72 ಹಣ್ಣೇ. ಡಜನ್ ಲೆಕ್ಕದಲ್ಲಿ ಕೊಂಡವರು ತೂಕ ಕೇಳುವುದಿಲ್ಲ, ಹಾಗಾಗಿ ಆರಿದ ನೀರಿನ ನಷ್ಟ ಆಯಿಗೆ ತಟ್ಟುವುದಿಲ್ಲ. ಕಿಲೋ ಲೆಕ್ಕದಲ್ಲಿ ಮಾರುವಾಗ ಆ ನಷ್ಟವೆಲ್ಲ ಮಾರುವವರದೇ.

ಅದಕ್ಕೇ ಅಸಲು ಬೆಲೆಯನ್ನು ಕೊಂಡ ದಿನದ ಲೆಕ್ಕದಲ್ಲಿ ಹಿಡಿದರೆ ಲಾಭ ತಪ್ಪಾಗುತ್ತದೆ. ಸಣ್ಣ ಹಣ್ಣನ್ನು ಆಯಿ ಕೊಂಡದ್ದು ಕಿಲೋಕ್ಕೆ 60 ರೂಪಾಯಿಗೆ. ಆದರೆ ಆ 1,200 ರೂಪಾಯಿಯನ್ನು ಈಗ ಹೊರಬೇಕಾದದ್ದು ಬರೀ 16 ಕಿಲೋ. ಭಾಗಿಸಿದರೆ ಕಿಲೋಕ್ಕೆ 75. ಅಂಗಡಿಯಲ್ಲಿ 100 ರೂಪಾಯಿಗೆ ಒಂದು ಕಿಲೋ ಮಾರಿದಾಗ ಸಿಗುವುದು 40 ಅಲ್ಲ, 25. ದಪ್ಪ ಹಣ್ಣಿನಲ್ಲಿ ಏರುಪೇರು ಕಡಿಮೆ: ಕೊಂಡಾಗ ಕಾಯಿಗೆ 24 ಬಿದ್ದದ್ದು, ಮೂರು ಹೋದ ಮೇಲೆ ಹಣ್ಣಿಗೆ 25 ಆಯಿತು. ಡಜನ್ನಿನ ಅಸಲು 300, ಆಯಿ ಹೇಳುವ ದರ 420.

ಇನ್ನು ದಿನದ ವ್ಯಾಪಾರ. ನಾಲ್ಕು ಡಜನ್ ಹೇಳಿದ ದರಕ್ಕೇ ಹೋದವು. ಐದನೆಯದನ್ನು ಒಬ್ಬರು ಚೌಕಾಸಿ ಮಾಡಿ 400ಕ್ಕೆ ಒಯ್ದರು. ಒಟ್ಟು 2,080. ಸಣ್ಣ ಹಣ್ಣಿನಲ್ಲಿ 12 ಕಿಲೋಕ್ಕೆ 1,200 ಬಂತು. ಎರಡೂ ಸೇರಿ 3,280.

ಸಂಜೆ ಮೊಮ್ಮಗಳು ಆಯಿಯ ಸಂಚಿ ಬಿಚ್ಚಿ ನೋಟು ಎಣಿಸಿದರೆ ಸಿಕ್ಕಿದ್ದು ಮಾತ್ರ 2,140. ಹುಡುಗಿಗೆ ದಿಗಿಲಾಯಿತು. ಆಯಿ ನಿಧಾನವಾಗಿ ನೆನಪಿಸಿದಳು: 1,400 ರೂಪಾಯಿಯನ್ನು ಗಿರಾಕಿಗಳು ಫೋನಿನಿಂದ ಹಾಕಿದ್ದಾರೆ, ಅದು ಮಗನ ಖಾತೆಗೆ ಹೋಗಿದೆ. ಬೆಳಿಗ್ಗೆ ಚಿಲ್ಲರೆಗೆಂದು 500 ರೂಪಾಯಿಯನ್ನು ಆಕೆಯೇ ಸಂಚಿಯಲ್ಲಿ ಹಾಕಿದ್ದಳು. ಟಂಟಂ ಬಾಡಿಗೆ 150, ಕೂತ ಜಾಗದ ಸುಂಕ 30, ಚೀಲಗಳಿಗೆ 60, ಹೀಗೆ 240 ರೂಪಾಯಿ ಅದೇ ಸಂಚಿಯಿಂದ ಹೊರಗೆ ಹೋಗಿದೆ. ಕೂಡಿಸಿ ಕಳೆದರೆ ಪೈಸೆ ಪೈಸೆ ಸರಿಹೋಗುತ್ತದೆ. ಸಂಚಿಯ ಹಣ ಎಣಿಸುವುದರಿಂದ ಲಾಭ ಗೊತ್ತಾಗುವುದಿಲ್ಲ. ದುಡ್ಡು ಎಲ್ಲಿಯೂ ಸೋರಿಲ್ಲ ಎಂಬುದಷ್ಟೇ ಖಾತ್ರಿಯಾಗುತ್ತದೆ.

ಹುಡುಗಿ ಶಾಲೆಯ ಸೂತ್ರ ಹಿಡಿದಳು: ಮಾರಿದ ಬೆಲೆಯಿಂದ ಕೊಂಡ ಬೆಲೆ ಕಳೆ. 3,280ರಿಂದ 3,000 ತೆಗೆದರೆ 280. ಖರ್ಚಿನ 240 ತೆಗೆದರೆ 40.

“ದಿನಾಪೂರ್ತಿ ಬಿಸಿಲಾಗ ಕೂತು ನಲವತ್ತ ರೂಪಾಯಿನಾ ಆಯಿ?”

“ಬುಟ್ಟಿ ನೋಡಿಯೇನು?”

ಶಾಲೆಯ ಲೆಕ್ಕಗಳಲ್ಲಿ ವ್ಯಾಪಾರಿ ಕೊಂಡದ್ದನ್ನೆಲ್ಲ ಮಾರಿ ಮುಗಿಸಿರುತ್ತಾನೆ. ನಿಜವಾದ ಅಂಗಡಿಯಲ್ಲಿ ಸಂಜೆ ಬುಟ್ಟಿ ಬರಿದಾಗುವುದು ಅಪರೂಪ. ಮೂರು ಸಾವಿರದ ಮಾಲಿನಲ್ಲಿ ಇವತ್ತು ಮಾರಾಟವಾದದ್ದು ಒಂದು ಭಾಗವಷ್ಟೇ, ಅದರ ಅಸಲನ್ನಷ್ಟೇ ಇವತ್ತಿನ ದುಡಿಮೆಯಿಂದ ಕಳೆಯಬೇಕು. ಹುಡುಗಿ ಬುಟ್ಟಿ ಎಣಿಸಿದಳು. ದಪ್ಪ ಹಣ್ಣು 12 ಇದ್ದವು. ಐದು ಡಜನ್ ಮಾರಿ ಒಂದು ಡಜನ್ ಉಳಿದದ್ದು, ತಾಳೆಯಾಯಿತು. ಸಣ್ಣವನ್ನು ತೂಗಿದಳು. 16ರಲ್ಲಿ 12 ಹೋದರೆ 4 ಕಿಲೋ ಇರಬೇಕಿತ್ತು, ತಕ್ಕಡಿ ಮೂರೇ ಕಿಲೋ ತೋರಿಸಿತು.

ಒಂದು ಕಿಲೋ ಎಲ್ಲಿ ಹೋಯಿತೆಂದು ಆಯಿಗೆ ಕೇಳಬೇಕಿರಲಿಲ್ಲ. ಪ್ರತಿ ಸಲ ತೂಗುವಾಗಲೂ ಹಣ್ಣಿನ ತಟ್ಟೆ ಕೆಳಗೆ ಜಗ್ಗುವವರೆಗೆ ಇನ್ನೊಂದು ಹಣ್ಣು ಹಾಕುವುದು ಆಕೆಯ ರೂಢಿ. ಮಗು ಎತ್ತಿಕೊಂಡು ಬಂದವರಿಗೆ ಕೊಸರು ಎಂದು ಒಂದನ್ನು ಕೈಗೆ ಕೊಡುತ್ತಾಳೆ. ಹಣ್ಣಿನ ವ್ಯಾಪಾರದಲ್ಲಿ ತೂಕವನ್ನು ಗ್ರಾಂ ಗ್ರಾಂ ಸರಿಹೊಂದಿಸಲು ಆಗುವುದೂ ಇಲ್ಲ. ಅರ್ಧ ಹಣ್ಣು ಕತ್ತರಿಸಿ ಹಾಕಲಾರರು, ಹಾಗಾಗಿ ಹೆಚ್ಚುಕಡಿಮೆ ಹೆಚ್ಚಿನ ಕಡೆಗೇ ವಾಲುತ್ತದೆ. ಎಣಿಕೆಯಲ್ಲಿ ಈ ಸೋರಿಕೆ ಇಲ್ಲ. ಹನ್ನೆರಡು ಎಂದರೆ ಹನ್ನೆರಡು, ಹದಿಮೂರನೆಯದು ಹೋದರೆ ಕಣ್ಣಿಗೆ ಕಾಣುತ್ತದೆ.

ಹಾಗಾಗಿ ಬುಟ್ಟಿಯಿಂದ ಹೋದದ್ದು ದಪ್ಪ ಹಣ್ಣು 60, ಅಸಲು 1,500. ಸಣ್ಣದು 13 ಕಿಲೋ, ಅಸಲು 975. ಒಟ್ಟು 2,475. ಬಂದ 3,280ರಿಂದ ಇದನ್ನು ಕಳೆದರೆ 805, ಅದರಲ್ಲಿ ಖರ್ಚು 240 ಹೋದರೆ 565. ನಲವತ್ತು ಎಲ್ಲಿ, ಐನೂರ ಅರವತ್ತೈದು ಎಲ್ಲಿ! ಹುಡುಗಿಯ ಮುಖ ಅರಳಿತು.

ಆಯಿ ಅಲ್ಲಿಗೂ ಒಪ್ಪಲಿಲ್ಲ. ಉಳಿದ ಹಣ್ಣುಗಳನ್ನು ಕೈಗೆ ತೆಗೆದುಕೊಂಡು ತೊಟ್ಟಿನ ಪಕ್ಕ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದಳು. ದಪ್ಪನೆಯವು ಗಟ್ಟಿ ಇದ್ದವು. ನಾಳೆ ಅಸಲಿಗಂತೂ ಮೋಸವಿಲ್ಲ. ಸಣ್ಣವು ಹೆಬ್ಬೆರಳಿಗೆ ತಗ್ಗು ಬೀಳುತ್ತಿದ್ದವು. ಇಂಥವನ್ನು ನಾಳೆ ಯಾರಾದರೂ ಸೀಕರಣಿಗೆ ಒಯ್ದರೆ ಕಿಲೋಕ್ಕೆ 40 ಸಿಕ್ಕೀತು. ಮೂರು ಕಿಲೋದ ಅಸಲು 225, ಬರುವುದು 120. ಆ 105 ರೂಪಾಯಿಯನ್ನು ಇವತ್ತಿನ ಲಾಭದಲ್ಲೇ ಕಳೆ ಎಂದಳು. ಉಳಿದದ್ದು 460.

ಅಕ್ಷರ ಓದದ ಆಯಿ ಇಲ್ಲಿ ಮಾಡಿದ್ದು ಲೆಕ್ಕಪರಿಶೋಧಕರು ದೊಡ್ಡ ಕಂಪನಿಗಳಿಗೆ ಹೇಳುವುದನ್ನೇ. ವರ್ಷದ ಕೊನೆಗೆ ಗೋದಾಮಿನಲ್ಲಿ ಉಳಿದ ಮಾಲನ್ನು ಅದರ ಅಸಲು ಬೆಲೆ, ಮಾರಿದರೆ ಕೈಗೆ ಬರಬಹುದಾದ ಬೆಲೆ ಇವೆರಡರಲ್ಲಿ ಯಾವುದು ಕಡಿಮೆಯೋ ಆ ಬೆಲೆಗೆ ಬರೆಯಬೇಕೆಂಬುದು ಭಾರತದ ಲೆಕ್ಕಪತ್ರ ಮಾನದಂಡಗಳ ನಿಯಮ. ಕಂಪನಿಗೆ ವರ್ಷಕ್ಕೊಮ್ಮೆ ಬರುವ ಪ್ರಶ್ನೆ ಮಾವಿನ ವ್ಯಾಪಾರಿಗೆ ದಿನಾ ಸಂಜೆ ಬರುತ್ತದೆ, ಏಕೆಂದರೆ ಆಕೆಯ ಮಾಲು ರಾತ್ರಿ ಕಳೆಯುವುದರೊಳಗೆ ಬೆಲೆ ಕಳೆದುಕೊಳ್ಳುತ್ತದೆ.

ಎರಡು ಬಗೆಯ ಲಾಭವನ್ನು ಬೇರೆ ಮಾಡಿ ನೋಡುವ ಯೋಚನೆ ಹುಡುಗಿಯದೇ. ಡಜನ್ ಲೆಕ್ಕದಲ್ಲಿ 580 ಉಳಿದಿತ್ತು. ಕಿಲೋ ಲೆಕ್ಕದಲ್ಲಿ 225, ಮೆತ್ತಗಾದ ಹಣ್ಣಿನ ನಷ್ಟ ತೆಗೆದರೆ ಬರೀ 120. ಹಾಗಾದರೆ ಎಲ್ಲವನ್ನೂ ಡಜನ್ನಿಗೇ ಮಾರಬಾರದೇಕೆ ಎಂದು ಕೇಳಿದಳು. ಎಲ್ಲ ಹಣ್ಣೂ ಹೆಚ್ಚುಕಡಿಮೆ ಒಂದೇ ಗಾತ್ರವಿದ್ದಾಗ ಮಾತ್ರ ಎಣಿಕೆ ನಡೆಯುತ್ತದೆ. ಸಣ್ಣದು ದಪ್ಪದು ಒಂದೇ ಬುಟ್ಟಿಯಲ್ಲಿಟ್ಟು ಡಜನ್ ದರ ಹೇಳಿದರೆ ಮೊದಲು ಬಂದವರು ದಪ್ಪನೆಯವನ್ನೆಲ್ಲ ಆರಿಸಿ ಒಯ್ಯುತ್ತಾರೆ, ಆಮೇಲೆ ಬಂದವರು ಉಳಿದದ್ದನ್ನು ಆ ದರಕ್ಕೆ ಮುಟ್ಟುವುದಿಲ್ಲ. ಗಾತ್ರ ಏರುಪೇರಾದಲ್ಲಿ ಇಬ್ಬರಿಗೂ ನ್ಯಾಯ ಕೊಡುವುದು ತಕ್ಕಡಿಯೇ. ಆಯಿ ಕೊಳ್ಳುವಾಗಲೇ ಎರಡು ಕ್ರೇಟನ್ನು ಬೇರೆ ಇಟ್ಟಿದ್ದು ಅದಕ್ಕೆ.

ಆಪೂಸಿನಲ್ಲಿ ಇನ್ನೊಂದು ಅಪಾಯವಿದೆ, ಅದು ಯಾವ ಬೆಳಗಿನ ಎಣಿಕೆಗೂ ಸಿಗುವುದಿಲ್ಲ. ಹೊರಗೆ ಚೆಂದ ಕಾಣುವ ಹಣ್ಣನ್ನು ಕೊಯ್ದರೆ ಒಳಗೆ ತಿರುಳು ಬಿಳಿಚಿಕೊಂಡು ಬೆಂಡಿನಂತಾಗಿರುತ್ತದೆ. ಕೊಯ್ಯುವವರೆಗೆ ಗೊತ್ತೇ ಆಗುವುದಿಲ್ಲ. ಕಾಯಂ ಗಿರಾಕಿ ಅಂಥದನ್ನು ತಂದು ತೋರಿಸಿದರೆ ಆಯಿ ಮಾತಾಡದೆ ಬೇರೆ ಹಣ್ಣು ಕೊಡುತ್ತಾಳೆ. ಆ ನಷ್ಟ ಮಾರಿದ ದಿನದ್ದಾದರೂ ಲೆಕ್ಕಕ್ಕೆ ಬರುವುದು ಎರಡು ದಿನ ಬಿಟ್ಟು.

ಇಷ್ಟಾದ ಮೇಲೂ 460ನ್ನು ಪೂರ್ತಿ ಲಾಭ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಬಿಸಿಲಿನಲ್ಲಿ ಕೂತ ದಿನದ ಕೂಲಿ, ವಾರವಿಡೀ ಹುಲ್ಲು ಸರಿಸಿ ಕಾಯಿ ತಿರುವಿದ ದುಡಿಮೆ, ಹುಲ್ಲಿನಡಿ ಸಿಕ್ಕಿಕೊಂಡಿದ್ದ ಮೂರು ಸಾವಿರ ರೂಪಾಯಿ, ಯಾವುದಕ್ಕೂ ಆಯಿ ಬೆಲೆ ಕಟ್ಟಿಲ್ಲ. ಆಕೆ ಲಾಭ ಎನ್ನುವುದರಲ್ಲಿ ಹೆಚ್ಚಿನ ಪಾಲು ಆಕೆಯ ಕೂಲಿಯೇ.

ನಮ್ಮ ಸರ್ಕಾರಿ ಶಾಲೆಗಳಲ್ಲಿ ಮೆಟ್ರಿಕ್ ಮೇಳ, ಮಕ್ಕಳ ಸಂತೆ ನಡೆಯುತ್ತವೆ. ಮಕ್ಕಳು ತರಕಾರಿ, ಹಣ್ಣು, ಚುರುಮುರಿ ಮಾರಿ ಸಂಜೆ ದುಡ್ಡು ಎಣಿಸುತ್ತಾರೆ. ಮೇಳ ನಡೆಸುವ ಶಿಕ್ಷಕರಲ್ಲಿ ಒಂದು ಕೋರಿಕೆ: ಮುಂದಿನ ಸಲ ಒಂದೇ ಹಣ್ಣನ್ನು ಎಣಿಕೆಯಲ್ಲೂ ತೂಕದಲ್ಲೂ ಮಾರಿಸಿ, ಬೆಳಿಗ್ಗೆ ತೂಗಿದ್ದನ್ನು ಸಂಜೆ ಮತ್ತೆ ತೂಗಿಸಿ, ಲೆಕ್ಕದ ಹಾಳೆಯಲ್ಲಿ ‘ಬುಟ್ಟಿಯಲ್ಲಿ ಉಳಿದದ್ದು’ ಎಂಬ ಒಂದು ಸಾಲು ಹೆಚ್ಚಿಗೆ ಇಡಿ.