ಮೆನುವಿನಲ್ಲಿಲ್ಲದ ಮಧುಮೇಹ

ಹುಬ್ಬಳ್ಳಿಯ ಮಧುಮೇಹ ತಜ್ಞರೊಬ್ಬರು ತಮ್ಮ ಕ್ಲಿನಿಕ್ಕಿಗೆ ಫೇಸ್‌ಬುಕ್‌ನಲ್ಲಿ ಜಾಹೀರಾತು ಕೊಡಲು ಹೊರಟಿದ್ದಾರೆ ಎಂದಿಟ್ಟುಕೊಳ್ಳಿ. ಅದು ಯಾರ ಕಣ್ಣಿಗೆ ಬೀಳಬೇಕು ಎಂದು ಆರಿಸುವ ಪುಟದಲ್ಲಿ ಊರು, ವಯಸ್ಸು, ಲಿಂಗ, ಭಾಷೆ ಎಲ್ಲವೂ ಇವೆ. ಕೆಳಗೆ ಆಸಕ್ತಿಗಳ ಪಟ್ಟಿ ಇದೆ: ಕ್ರಿಕೆಟ್, ಅಡುಗೆ, ಪ್ರವಾಸ, ಇನ್ನೂ ಸಾವಿರಾರು. ಆದರೆ ಡಾಕ್ಟರರಿಗೆ ಬೇಕಾದದ್ದು ಸಕ್ಕರೆ ಕಾಯಿಲೆಯವರು. ಅದು ಅಲ್ಲಿಲ್ಲ.

ಹಿಂದೆ ನೇರವಾಗಿ ಇಲ್ಲದಿದ್ದರೂ ಹತ್ತಿರದ್ದು ಇತ್ತು. World Diabetes Day ಎಂಬ ಆಯ್ಕೆಯನ್ನು ಒತ್ತಿದರೆ, ಆ ವಿಷಯದ ಪೋಸ್ಟುಗಳನ್ನು ಓದಿದವರು, ಅಂಥ ಪುಟಗಳನ್ನು ಲೈಕ್ ಮಾಡಿದವರು ಸಿಗುತ್ತಿದ್ದರು. ಅವರೆಲ್ಲ ರೋಗಿಗಳೇ ಆಗಿರಬೇಕಿರಲಿಲ್ಲ. ಅಪ್ಪನಿಗೆ ಶುಗರ್ ಬಂತೆಂದು ಹುಡುಕಾಡಿದ ಮಗಳೂ ಅದರಲ್ಲಿ ಸೇರಿರುತ್ತಿದ್ದಳು. ಫೇಸ್‌ಬುಕ್‌ನ ಒಡೆತನದ ಮೆಟಾ ಕಂಪನಿ 2022ರ ಜನವರಿ 19ರಿಂದ ಇಂಥ ಆಯ್ಕೆಗಳನ್ನು ತೆಗೆಯಲು ಶುರುಮಾಡಿತು. ಕೀಮೋಥೆರಪಿ, ಶ್ವಾಸಕೋಶ ಕ್ಯಾನ್ಸರ್ ಜಾಗೃತಿ, ಕ್ಯಾಥೊಲಿಕ್ ಚರ್ಚ್, ಯಹೂದಿ ಹಬ್ಬಗಳು, ಸಲಿಂಗ ವಿವಾಹ, ರಾಜಕೀಯ ನಂಬಿಕೆಗಳು, ಹೀಗೆ ಹಲವು ಹೋದವು. ಗೂಗಲ್ ಕೂಡ ಕಾಯಿಲೆ, ಧರ್ಮಗಳನ್ನು ಸೂಕ್ಷ್ಮ ವಿಷಯಗಳೆಂದು ಕರೆದು, ಅವುಗಳ ಮೇಲೆ ವ್ಯಕ್ತಿಗಳನ್ನು ಗುರಿ ಮಾಡುವುದನ್ನು ನಿಷೇಧಿಸಿದೆ.

ಡಾಕ್ಟರರಿಗೆ ಎರಡನೆಯ ತಡೆ ಎದುರಾಗುವುದು ಜಾಹೀರಾತಿನ ಮಾತಿನಲ್ಲಿ. ‘ನಿಮಗೆ ಮಧುಮೇಹ ಇದೆಯೇ? ಇಂದೇ ಬನ್ನಿ’ ಎಂದು ಬರೆದರೆ ಅದು ತಿರಸ್ಕೃತವಾಗುವ ಸಂಭವವೇ ಹೆಚ್ಚು. ‘ಮಧುಮೇಹ ತಪಾಸಣೆ ಮತ್ತು ಚಿಕಿತ್ಸೆ’ ಎಂದರೆ ತಕರಾರಿಲ್ಲ. ಮೊದಲನೆಯದನ್ನು ಓದಿದವರಿಗೆ ‘ಇವರಿಗೆ ನನ್ನ ಕಾಯಿಲೆ ಹೇಗೆ ಗೊತ್ತಾಯಿತು’ ಎನಿಸುತ್ತದೆ. ಓದುಗನ ರೋಗವನ್ನೋ ಧರ್ಮವನ್ನೋ ಬಲ್ಲೆವೆಂಬಂತೆ ಮಾತಾಡಬಾರದು ಎಂಬುದು ಮೆಟಾದ ನಿಯಮ.

ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಅದೇ ಪುಟದಲ್ಲಿ ಇನ್ನೊಂದು ಸೌಲಭ್ಯ ಉಳಿದುಕೊಂಡಿದೆ. ಜಾಹೀರಾತುದಾರ ತನ್ನ ಗಿರಾಕಿಗಳ ಫೋನ್ ನಂಬರು, ಇಮೇಲ್‌ಗಳ ಪಟ್ಟಿಯನ್ನೇ ಏರಿಸಬಹುದು. ನಂಬರುಗಳು ಗುರುತು ಸಿಗದ ಅಕ್ಷರಸಾಲುಗಳಾಗಿ ಬದಲಾಗಿ ಹೋಗುತ್ತವೆ; ಫೇಸ್‌ಬುಕ್ ತನ್ನಲ್ಲಿರುವ ನಂಬರುಗಳನ್ನೂ ಹಾಗೆಯೇ ಬದಲಾಯಿಸಿ ತಾಳೆ ನೋಡುತ್ತದೆ. ತಾಳೆಯಾದ ಖಾತೆಗಳಿಗೆ ಜಾಹೀರಾತು ಹೋಗುತ್ತದೆ. ಕ್ಲಿನಿಕ್ಕಿನ ರಿಜಿಸ್ಟರಿನಲ್ಲಿರುವ ಶುಗರ್ ರೋಗಿಗಳ ನಂಬರುಗಳನ್ನು ಹೀಗೆ ಏರಿಸುವುದನ್ನು ನಿಯಮ ಒಪ್ಪುವುದಿಲ್ಲ. ಆದರೆ ನಂಬರುಗಳ ಸಾಲಿನ ಮೇಲೆ ರೋಗದ ಹೆಸರು ಬರೆದಿರುವುದಿಲ್ಲವಲ್ಲ! ಅದು ರೋಗಿಗಳದೋ ಸೀರೆ ಅಂಗಡಿಯ ಗಿರಾಕಿಗಳದೋ ಎಂದು ಯಂತ್ರ ಹೇಗೆ ಹೇಳೀತು?

ಇದು ಬರೀ ಊಹೆಯಲ್ಲ. ಔಷಧಿಗೆ ರಿಯಾಯಿತಿ ಕೊಡಿಸುವ ಅಮೆರಿಕದ ಗುಡ್‌ಆರ್‌ಎಕ್ಸ್ ಕಂಪನಿ 2019ರಲ್ಲಿ ಹೃದ್ರೋಗ, ರಕ್ತದೊತ್ತಡದಂಥ ಕಾಯಿಲೆಗಳ ಮಾತ್ರೆ ಕೊಂಡವರ ಪಟ್ಟಿ ಮಾಡಿ, ಅವರ ಇಮೇಲ್, ಫೋನ್ ನಂಬರುಗಳನ್ನು ಫೇಸ್‌ಬುಕ್‌ಗೆ ಏರಿಸಿ, ಅವರಿಗೆ ಆರೋಗ್ಯದ ಜಾಹೀರಾತು ತೋರಿಸಿತ್ತು ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2023ರ ಫೆಬ್ರುವರಿಯಲ್ಲಿ ಆರೋಪಿಸಿತು. ಕಂಪನಿ ತಪ್ಪೊಪ್ಪಿಕೊಳ್ಳದೆ 15 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು. ಮೆನುವಿನಿಂದ ಎಷ್ಟು ಹೆಸರು ಅಳಿಸಿದ್ದರೂ ಈ ಪಟ್ಟಿಗೆ ಅಡ್ಡಿಯಾಗುತ್ತಿರಲಿಲ್ಲ.

ಧರ್ಮದ ವಿಷಯದಲ್ಲಿ ಪಟ್ಟಿಯೂ ಬೇಡ. ಬಳಕೆದಾರರ ಭಾಷೆ ಉರ್ದು ಎಂದು ಆರಿಸಿ, ನಕ್ಷೆಯಲ್ಲಿ ಒಂದು ಬಡಾವಣೆಯ ಮೇಲೆ ಪಿನ್ ನೆಟ್ಟರೆ ಸಾಕು, ಗುರಿ ಬಹುಮಟ್ಟಿಗೆ ಎಲ್ಲಿ ತಾಗುತ್ತದೆ ಎಂದು ಯಾರೂ ಹೇಳಬೇಕಿಲ್ಲ. ಭಾಷೆ, ಜಾಗ ಎರಡನ್ನೂ ನಿಷೇಧಿಸಿದರೆ ಕನ್ನಡ ಪುಸ್ತಕದಂಗಡಿಯವನೂ ಜಾಹೀರಾತು ಕೊಡಲಾರ. ಹಾಗಾಗಿ ಈ ತೂತು ಮುಚ್ಚುವುದು ಸುಲಭವಲ್ಲ.

ಯುರೋಪು ಕಾನೂನಿನ ದಾರಿ ಹಿಡಿದಿದೆ. ಅಲ್ಲಿನ ಡಿಜಿಟಲ್ ಸೇವಾ ಕಾಯ್ದೆಯ 26ನೇ ವಿಧಿಯ ಪ್ರಕಾರ, ಆರೋಗ್ಯ, ಧರ್ಮ, ಲೈಂಗಿಕತೆ, ರಾಜಕೀಯ ನಿಲುವಿನಂಥ ಮಾಹಿತಿಯಿಂದ ವ್ಯಕ್ತಿಚಿತ್ರ ಕಟ್ಟಿ ಜಾಹೀರಾತು ತೋರಿಸುವಂತಿಲ್ಲ. ಸದಸ್ಯರು ಸೇರಿಕೊಂಡ ಗುಂಪುಗಳ ಆಧಾರದ ಮೇಲೆ ಜಾಹೀರಾತು ಕೊಡುವ ಸೌಲಭ್ಯವನ್ನು ಲಿಂಕ್ಡ್‌ಇನ್ ಯುರೋಪಿನಲ್ಲಿ 2024ರಲ್ಲಿ ನಿಲ್ಲಿಸಿದ್ದು ಈ ವಿಧಿಯನ್ನು ಹಿಡಿದು ದೂರು ಬಂದ ಮೇಲೆ. ಗುಂಪಿನ ಹೆಸರೇ ಸದಸ್ಯರ ಧರ್ಮವನ್ನೋ ಲೈಂಗಿಕತೆಯನ್ನೋ ಹೇಳಿಬಿಡಬಹುದಲ್ಲ.

ನಮ್ಮಲ್ಲಿ 2011ರ ಐಟಿ ನಿಯಮಗಳು ಆರೋಗ್ಯ ಸ್ಥಿತಿಯನ್ನು ಸೂಕ್ಷ್ಮ ಮಾಹಿತಿ ಎಂದವು, ಧರ್ಮವನ್ನು ಆ ಪಟ್ಟಿಗೆ ಸೇರಿಸಲಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸೂಕ್ಷ್ಮ ಎಂಬ ಪ್ರತ್ಯೇಕ ವರ್ಗವೇ ಇಲ್ಲ. ಮಕ್ಕಳನ್ನು ಗುರಿಯಾಗಿಸಿದ ಜಾಹೀರಾತನ್ನು ಅದು ತಡೆಯುತ್ತದೆ. ದೊಡ್ಡವರ ರೋಗ, ಧರ್ಮಗಳ ಬಗ್ಗೆ ಅಂಥ ನೇರ ಮಾತಿಲ್ಲ. ಇದು ಕಾಯ್ದೆಯ ದೊಡ್ಡ ಕೊರತೆ ಎಂದೇ ನನಗೆ ಕಾಣುತ್ತದೆ.

ಪರೀಕ್ಷಿಸಬೇಕೆಂದರೆ, ಫೇಸ್‌ಬುಕ್ ಜಾಹೀರಾತಿನ ಮೂಲೆಯ ಮೂರು ಚುಕ್ಕಿ ಒತ್ತಿ Why am I seeing this ad? ಎಂಬುದನ್ನು ತೆರೆಯಿರಿ. ವಯಸ್ಸು, ಊರು ಎಂದಷ್ಟೇ ಇದ್ದರೆ ಸಾಮಾನ್ಯ ಜಾಹೀರಾತು. ಜಾಹೀರಾತುದಾರ ಬಳಸಿದ ಪಟ್ಟಿಯಲ್ಲಿ ನೀವಿದ್ದೀರಿ ಎಂದಿದ್ದರೆ, ನಿಮ್ಮ ನಂಬರು ಅಥವಾ ಇಮೇಲ್ ಅವರಿಗೆ ಎಲ್ಲಿಂದಲೋ ಸಿಕ್ಕಿದೆ ಎಂದರ್ಥ. ಅದು ಯಾವ ಕ್ಲಿನಿಕ್ಕಿನ ರಿಜಿಸ್ಟರು, ಯಾವ ಮೆಡಿಕಲ್ ಶಾಪಿನ ಬಿಲ್ಲು ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ.