ಕಂಗ್ಲಿಷ್ ವಾಕ್ಯದ ರಿಪೇರಿ

ಬ್ಯಾಂಕೊಂದು ಗ್ರಾಹಕರಿಗೆ ಕಳಿಸಬೇಕಾದ ಇಂಗ್ಲಿಷ್ ಸೂಚನೆಯನ್ನು ಯಂತ್ರಾನುವಾದಕ್ಕೆ ಹಾಕಿದೆ ಎಂದುಕೊಳ್ಳಿ. ಮಾರ್ಚ್ 31ರೊಳಗೆ ಬ್ರಾಂಚಿನಲ್ಲಿ ಕೆವೈಸಿ ಅಪ್‌ಡೇಟ್ ಆಗದಿದ್ದರೆ ಖಾತೆ ಸ್ಥಗಿತವಾಗುತ್ತದೆ ಎಂಬುದಷ್ಟೇ ಅದರ ವಿಷಯ. ಹೊರಬಂದದ್ದು ಹೀಗಿದೆ:

```
ನಿಮ್ಮ KYCಅನ್ನು 31 ಮಾರ್ಚ್ ಮೂಲಕ branchನಲ್ಲಿ update
ಮಾಡಲಾಗದಿದ್ದರೆ, ನಿಮ್ಮ accountಅನ್ನು ಬ್ಯಾಂಕ್‌ನಿಂದ freeze ಮಾಡಲಾಗುವುದು.
```

ಇದನ್ನು ತಿದ್ದಲು ಕೂತವರ ಕೈ ಮೊದಲು ಹೋಗುವುದು ಇಂಗ್ಲಿಷ್ ಪದಗಳ ಕಡೆಗೆ. ಅವನ್ನೆಲ್ಲ ಕನ್ನಡಕ್ಕೆ ತಂದುಬಿಟ್ಟರೆ ಕೆಲಸ ಮುಗಿಯಿತು ಎನಿಸುತ್ತದೆ. ಆದರೆ ದೊಡ್ಡ ತಪ್ಪುಗಳು ಇರುವುದು ಅಚ್ಚಗನ್ನಡದಂತೆ ಕಾಣುವ ಜಾಗಗಳಲ್ಲೇ. ‘ಮಾಡಲಾಗದಿದ್ದರೆ’ ಎಂಬುದನ್ನೇ ನೋಡಿ. ಯಂತ್ರ ಹೇಳಹೊರಟದ್ದು ‘ಮಾಡದೇ ಇದ್ದರೆ’ ಎಂದು. ಓದುವವರಿಗೆ ತಿಳಿಯುವುದು ‘ಮಾಡಲು ಸಾಧ್ಯವಾಗದಿದ್ದರೆ’ ಎಂದು. ಕರ್ಮಣಿಯ ‘ಮಾಡಲಾಗಿದೆ’ಯನ್ನು ನಿಷೇಧಕ್ಕೆ ತಿರುಗಿಸಿದಾಗ ಅಸಾಧ್ಯತೆಯ ಅರ್ಥ ತಾನಾಗಿ ಹೊಕ್ಕುಬಿಡುತ್ತದೆ. ‘ಮೂಲಕ’ವೂ ಅಷ್ಟೆ. ಗಡುವನ್ನೂ ಕರ್ತೃವನ್ನೂ ಸಾಧನವನ್ನೂ ಇಂಗ್ಲಿಷ್ `by` ಎಂಬ ಒಂದೇ ಪುಟ್ಟ ಪದದಿಂದ ಸೂಚಿಸುತ್ತದೆ. ಯಂತ್ರ ಗಡುವಿನ ಜಾಗದಲ್ಲಿ ಸಾಧನದ ಅರ್ಥವನ್ನು ಹಿಡಿದುಕೊಂಡಿದೆ. ಹಾಗಾಗಿ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ತಾರೀಖು, ಅಂಕಿ, ‘ಇಲ್ಲ–ಬೇಡ’ಗಳು ಮತ್ತು ಯಾರು ಏನು ಮಾಡಬೇಕು ಎಂಬುದನ್ನು ಮೊದಲು ಸರಿನೋಡಬೇಕು. ಭಾಷೆಯ ನಯ ಆಮೇಲಿನ ಮಾತು. ಈ ಎಚ್ಚರ ಈಗ ಇನ್ನೂ ಹೆಚ್ಚು ಬೇಕು. ಗೂಗಲ್ ಅನುವಾದಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಆಗಿನ ವಾಕ್ಯಗಳು ಎಷ್ಟು ಒಡೆದಿರುತ್ತಿದ್ದವೆಂದರೆ ತಪ್ಪು ಕಣ್ಣಿಗೆ ರಾಚುತ್ತಿತ್ತು. ನರಜಾಲ ಮಾದರಿಗಳು ಬಂದಮೇಲೆ ವಾಕ್ಯ ಸರಾಗವಾಯಿತು, ತಪ್ಪು ಅದರ ಮರೆಯಲ್ಲಿ ಕೂತಿತು.

ಇನ್ನು ವಿಭಕ್ತಿ ಪ್ರತ್ಯಯ. ಕನ್ನಡದಲ್ಲಿ ಪ್ರತ್ಯಯ ಹೇಗೆ ಕೂಡಬೇಕೆಂಬುದನ್ನು ಪದದ ಕೊನೆಯ ಉಚ್ಚಾರ ನಿರ್ಧರಿಸುತ್ತದೆ. ಯಂತ್ರದ ಮುಂದಿರುವುದು ಬರೀ ಬರವಣಿಗೆ. ಪದದ ದನಿ ಅದಕ್ಕೆ ಕೇಳಿಸುವುದಿಲ್ಲ. `KYC` ಬರಹದಲ್ಲಿ ವ್ಯಂಜನದಿಂದ ಮುಗಿಯುತ್ತದೆ, ಬಾಯಲ್ಲಿ ‘ಸಿ’ ಎಂದು ಇಕಾರದಿಂದ. ಆದ್ದರಿಂದ ನಡುವೆ ಯಕಾರ ಬರಲೇಬೇಕು: ಕೆವೈಸಿಯನ್ನು. `file` ಇದಕ್ಕೆ ತಿರುವುಮುರುವು. ಬರಹದ ಕೊನೆಯಲ್ಲಿ ಸ್ವರವಿದ್ದರೂ ನಾವು ನುಡಿಯುವುದು ‘ಫೈಲ್’. ಹಾಗಾಗಿ ಫೈಲನ್ನು, ಫೈಲಿನಲ್ಲಿ. ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಗಟ್ಟಿಯಾಗಿ ಹೇಳಿದರೆ ಸರಿಯಾದ ರೂಪ ತಾನೇ ಬಾಯಿಗೆ ಬರುತ್ತದೆ. ಉದ್ದನೆಯ ಕಡತದಲ್ಲಿ ಇಂಥ ಅಂಟುಗಳನ್ನು ಹುಡುಕಲು ಪಠ್ಯ ಸಂಪಾದಕದ ರೆಗ್ಯುಲರ್ ಎಕ್ಸ್‌ಪ್ರೆಶನ್ ಸೌಲಭ್ಯ ಸಾಕು:

```
[A-Za-z][\u0C80-\u0CFF]
```

ರೋಮನ್ ಅಕ್ಷರದ ಬೆನ್ನಿಗೇ ಕನ್ನಡ ಅಕ್ಷರ ಅಂಟಿರುವ ಎಲ್ಲ ಜಾಗಗಳನ್ನೂ ಇದು ತೋರಿಸುತ್ತದೆ. ಹುಡುಕಲು ಮಾತ್ರ ಬಳಸಿ. ಒಂದೇ ಏಟಿಗೆ ಎಲ್ಲವನ್ನೂ ಬದಲಿಸಲು ಹೋದರೆ ಹೊಸ ತಪ್ಪುಗಳು ಹುಟ್ಟುತ್ತವೆ.

ಸ್ವಚ್ಛಗೊಳಿಸುವ ಭರದಲ್ಲೇ ಆಗುವ ಇನ್ನೊಂದು ಹಾನಿಯಿದೆ. ‘ಬ್ಯಾಂಕ್‌ನಿಂದ’ ಎಂಬಲ್ಲಿ ‘ಕ್’ ಮತ್ತು ‘ನಿ’ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಯುನಿಕೋಡ್‌ನಲ್ಲಿ ಅದರ ಸಂಖ್ಯೆ `U+200C`. ಎರಡು ಅಕ್ಷರ ಕೂಡಿ ಒತ್ತಕ್ಷರವಾಗದಂತೆ ತಡೆಯುವುದೇ ಅದರ ಕೆಲಸ. ಕಾಣದ ಚಿಹ್ನೆಗಳೆಲ್ಲ ಕಸವೆಂದು ಯಾವುದೋ ಪ್ರೋಗ್ರಾಂ ಗುಡಿಸಿಹಾಕಿದರೆ ‘ಬ್ಯಾಂಕ್ನಿಂದ’ ಎಂದು ಕಕಾರದ ಕೆಳಗೆ ನಕಾರದ ಒತ್ತು ಬಂದು ಕೂರುತ್ತದೆ. ಆ ಚಿಹ್ನೆಯನ್ನು ಮರಳಿ ಹಾಕಬಹುದು. ‘ಬ್ಯಾಂಕಿನಿಂದ’ ಎಂದು ಬರೆದರೆ ಅದರ ಹಂಗೇ ಇರುವುದಿಲ್ಲ; ನನ್ನ ಒಲವು ಈ ರೂಪದ ಕಡೆಗೆ.

ಯಾವ ಇಂಗ್ಲಿಷ್ ಪದ ಉಳಿಯಬೇಕು? ಕೌಂಟರಿನ ಎರಡೂ ಬದಿಯವರು ಆಡುವ ಬ್ರಾಂಚ್, ಓಟಿಪಿ, ಅಪ್‌ಡೇಟ್ ಇರಲಿ. ಪರದೆಯ ಮೇಲಿನ ಗುಂಡಿಯಲ್ಲಿ `Submit` ಎಂದಿದ್ದರೆ ಸೂಚನೆಯಲ್ಲೂ ಹಾಗೇ ಇರಬೇಕು, ಇಲ್ಲದಿದ್ದರೆ ಗ್ರಾಹಕರು ಇಲ್ಲದ ಗುಂಡಿಯನ್ನು ಹುಡುಕುತ್ತಾರೆ. ಒಮ್ಮೆ ‘ಖಾತೆ’, ಮತ್ತೊಮ್ಮೆ ‘ಅಕೌಂಟ್’ ಎಂದು ಮಾತ್ರ ಬೇಡ. ಎರಡು ಬೇರೆ ಸಂಗತಿಗಳೆಂಬ ಅನುಮಾನ ಬರುತ್ತದೆ.

ಇಷ್ಟಾದಮೇಲೆ ವಾಕ್ಯವನ್ನು ಬಿಚ್ಚಿ ಹೊಸದಾಗಿ ಕಟ್ಟಬಹುದು:

“ಮಾರ್ಚ್ 31ರೊಳಗೆ ಬ್ರಾಂಚಿಗೆ ಬಂದು ಕೆವೈಸಿ ಅಪ್‌ಡೇಟ್ ಮಾಡಿಸಿ. ಇಲ್ಲದಿದ್ದರೆ ಬ್ಯಾಂಕು ನಿಮ್ಮ ಖಾತೆಯನ್ನು ಸ್ಥಗಿತಗೊಳಿಸುತ್ತದೆ.”

‘ಮಾಡಿಸಿ’ಯನ್ನು ಗಮನಿಸಿ. ಬ್ರಾಂಚಿನಲ್ಲಿ ಗ್ರಾಹಕರು ತಾವೇ ಅಪ್‌ಡೇಟ್ ಮಾಡುವುದಿಲ್ಲ, ಸಿಬ್ಬಂದಿಯಿಂದ ಮಾಡಿಸುತ್ತಾರೆ. ಇಂಗ್ಲಿಷ್ ಮೂಲ ಕರ್ಮಣಿಯಲ್ಲಿದ್ದುದರಿಂದ ಅಪ್‌ಡೇಟ್ ಮಾಡುವವರು ಯಾರೆಂದು ಅದರಲ್ಲಿ ಇರಲಿಲ್ಲ. ಕನ್ನಡದ ಪ್ರೇರಣಾರ್ಥಕ ರೂಪ ಅದನ್ನು ಒಂದೇ ಪ್ರತ್ಯಯದಲ್ಲಿ ಹೇಳಿತು. ‘ಮಾಡಲಾಗುವುದು’ ಹೋಗಿ ‘ಬ್ಯಾಂಕು’ ಕರ್ತೃವಾಗಿ ಮುಂದೆ ಬಂತು.

ಇಂಥ ಸೇರ್ಪಡೆಗೂ ಮಿತಿಯಿದೆ. ಕೆವೈಸಿಯನ್ನು ಆ್ಯಪ್‌ನಲ್ಲಿ ಮಾಡಿದರೂ ನಡೆಯುತ್ತದೆಯೇ, ಸ್ಥಗಿತ ಎಂದರೆ ಹಣ ಜಮೆಯಾಗುವುದೂ ನಿಲ್ಲುತ್ತದೆಯೇ ಎಂಬುದು ಮೂಲದಲ್ಲಿಲ್ಲ. ವಾಕ್ಯಕ್ಕೆ ಒಪ್ಪುತ್ತದೆಂದು ತಿದ್ದುವವರು ಅದನ್ನು ಊಹಿಸಿ ತುಂಬುವಂತಿಲ್ಲ. ಪಕ್ಕದಲ್ಲಿ ಗುರುತು ಹಾಕಿ, ಸೂಚನೆ ಬರೆದವರನ್ನೇ ಕೇಳಬೇಕು.